ಪೆಟ್ಟಿಗೆ ಬದಲಾದಾಗ ಸೊನ್ನೆಯಾದ ಎಣಿಕೆ

ಮೊದಲ ನೋಟಕ್ಕೆ ಅವಳಿಗೆ ಯಾರೂ ಹೆಚ್ಚು ಬೆಲೆ ಕಟ್ಟುವುದಿಲ್ಲ. ಮಾತು ಕಡಿಮೆ, ಕನ್ನಡಕ ದಪ್ಪ, ಮೇಜಿನ ಮೇಲೆ ಚಾರ್ಜಿಗೆ ಹಾಕಿದ ಹನ್ನೊಂದು ಫೋನು. ನಮ್ಮ ಮೊಬೈಲ್ ಆಟದ ಕಂಪನಿಯಲ್ಲಿ ಅವಳು ಪರೀಕ್ಷಕಿ. ತೂಗಿ ನೋಡದೆ ಏನನ್ನೂ ಒಪ್ಪದ ಕಾರಣ ಎಲ್ಲರ ಬಾಯಲ್ಲೂ ತಕ್ಕಡಿ ಅಕ್ಕ. ಆರು ತಿಂಗಳ ಕರಾರಿನ ಕೆಲಸ. ಕಾಯಂ ಆಗುವುದೋ ಇಲ್ಲವೋ ಆ ಶುಕ್ರವಾರ ತೀರ್ಮಾನ.

ನಮ್ಮ ಆಟದಲ್ಲಿ ಪೆಟ್ಟಿಗೆ ತೆರೆದರೆ ಬೆಳ್ಳಿ ಡ್ರ್ಯಾಗನ್ ಸಿಗುವ ಸಂಭವ ನೂರಕ್ಕೆ ಒಂದು. ತೊಂಬತ್ತೊಂಬತ್ತು ಸಲ ಸತತವಾಗಿ ಕೈಕೊಟ್ಟರೆ ನೂರನೆಯದರಲ್ಲಿ ಖಂಡಿತ. ಕನಿಕರದ ಈ ಎಣಿಕೆಗೆ ಆಟಗಾರರು ಪಿಟಿ ಅನ್ನುತ್ತಾರೆ. ಡ್ರ್ಯಾಗನ್ ಸಿಕ್ಕೊಡನೆ ಅದು ಮತ್ತೆ ಸೊನ್ನೆಯಿಂದ ಶುರು. ಈ ಕನಿಕರದಿಂದಾಗಿ ಸರಾಸರಿ ಅರವತ್ತಮೂರು ಸಲಕ್ಕೊಂದು ಡ್ರ್ಯಾಗನ್ ಬೀಳುತ್ತದೆ, ಅಂದರೆ ಶೇಕಡಾ 1.58. ಮಾರಾಟ ನೋಡುವ ನಾನು ಆ ಅಂಕಿಯನ್ನೇ ಪರದೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದ್ದೆ.

ಬುಧವಾರ ಬೆಳಿಗ್ಗೆ ಮನೆಯಲ್ಲಿ ಕಾಫಿ ಕುಡಿಯುವಾಗ, ನಮ್ಮ ಆಟ ಆಡುವ ಅವಳ ಅತ್ತೆ ಫೋನು ಮುಂದಕ್ಕೆ ತಳ್ಳಿದರು.

"ನಿಮ್ಮ ಕಂಪನಿಗೆ ನೂರು ಎಣಿಸೋಕೆ ಬರಲ್ವೇನೇ? ಇನ್ನೂರು ಸಲ ತೆಗೆದೆ. ಡ್ರ್ಯಾಗನ್ ಬಿಡು, ಒಂದು ಹಲ್ಲೀನೂ ಬರಲಿಲ್ಲ."

"ಒಂದೇ ಪೆಟ್ಟಿಗೇಲಾ ಅತ್ತೆ?"

"ತಿಂಗಳಿಗೊಂದು ಹೊಸದು ಬಿಡ್ತೀರಲ್ಲ. ದಿನದ ಬಿಟ್ಟಿ ಟಿಕೆಟ್ ಕೂಡಿಟ್ಟು ಒಂದೊಂದ್ರಲ್ಲಿ ಐವತ್ತು."

ಅವಳ ಲೋಟ ಅರ್ಧದಲ್ಲೇ ನಿಂತಿತು. ಕಚೇರಿಗೆ ಬಂದವಳೇ ಹನ್ನೊಂದು ಫೋನಿನಲ್ಲೂ ಐವತ್ತು ಸಲ ತೆರೆದು, ಫೋನಿನ ತಾರೀಖನ್ನು ಒಂದು ತಿಂಗಳು ಮುಂದಕ್ಕೆ ತಿರುಗಿಸಿದಳು. ಹೊಸ ಪೆಟ್ಟಿಗೆ ಬಂದೊಡನೆ ಎಣಿಕೆ ಸೊನ್ನೆ. ಪ್ರೋಗ್ರಾಂ ಬರೆಯುವವನು ತಲೆ ಕೆರೆದುಕೊಂಡ. "ಪ್ರತಿ ಪೆಟ್ಟಿಗೆಗೂ ಬೇರೆ ಎಣಿಕೆ ಅಕ್ಕ. ಮೊದಲಿಂದ ಹಾಗೇ ಇದೆ."

ಮ್ಯಾನೇಜರ್ ನಕ್ಕರು. "ನಿಮ್ಮ ಅತ್ತೆ ಅದೃಷ್ಟ ಸರಿ ಇಲ್ಲ ಅಷ್ಟೆ. ನಾಳೆ ಹೊಸ ಪೆಟ್ಟಿಗೆ ಬಿಡಬೇಕು, ಪರೀಕ್ಷೆ ಆಯ್ತು ಅಂತ ಸಹಿ ಹಾಕಿ."

"ಅದೃಷ್ಟ ಆಗಿದ್ರೆ ಹಾಕ್ತಿದ್ದೆ ಸರ್. ತಿಂಗಳಿಗೆ ಐವತ್ತು ತೆಗೆಯೋರು ನೂರು ಮುಟ್ಟೋದೇ ಇಲ್ಲ. ಅವರಿಗೆ ಪಿಟಿ ಇದ್ದೂ ಇಲ್ಲ. ಸಿಗೋದು ಬರೀ ಶೇಕಡಾ ಒಂದು. ನಮ್ಮ ಪರದೆ ಹೇಳೋದು ಒಂದೂವರೆಗಿಂತ ಜಾಸ್ತಿ."

"ಶುಕ್ರವಾರ ನಿಮ್ಮ ಫೈಲು ನನ್ನ ಹತ್ರ ಬರುತ್ತೆ, ಗೊತ್ತಲ್ಲ?"

ಅವಳು ಒಂದು ಹಾಳೆ ಮುಂದಿಟ್ಟಳು. "ಇದೂ ಅದರ ಜೊತೆ ಬರಲಿ ಸರ್. ಹತ್ತರಲ್ಲಿ ಎಂಟು ಜನ ತಿಂಗಳಿಗೆ ನೂರು ತೆಗೆಯಲ್ಲ."

ಮ್ಯಾನೇಜರ್ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಪ್ರೋಗ್ರಾಂ ಹುಡುಗನ ಕಡೆ ತಿರುಗಿ, "ಎಣಿಕೆಯನ್ನ ಪೆಟ್ಟಿಗೆಗಲ್ಲ, ಆಟಗಾರನಿಗೆ ಕಟ್ಟೋಕೆ ಎಷ್ಟು ದಿನ?" ಎಂದರು.

"ಎರಡು."

ಹೊಸ ಪೆಟ್ಟಿಗೆ ಎರಡು ದಿನ ತಡವಾಯಿತು. ಹಳೆಯ ಎಣಿಕೆಗಳನ್ನೆಲ್ಲ ಕೂಡಿಸಿ, ನೂರು ತುಂಬಿದವರಿಗೆ ನೂರಕ್ಕೊಂದರಂತೆ ಡ್ರ್ಯಾಗನ್ ತಲುಪಿಸಿದೆವು. ಅತ್ತೆಗೆ ಎರಡು ಬಂದವು. "ಎರಡೂ ಒಂದೇ ಥರ ಇವೆ. ಒಂದನ್ನ ಬದಲಾಯಿಸಿ ಕೊಡೇ," ಎಂದರಂತೆ. ಶುಕ್ರವಾರ ಫೈಲಿನ ಮೇಲೆ ಕಾಯಂ ಎಂಬ ಮುದ್ರೆ ಬಿತ್ತು.

ನಾನು ಹಾಕಿಸಿದ ಅಂಕಿ ಆರು ತಿಂಗಳು ಬಹುಪಾಲು ಜನರ ಪಾಲಿಗೆ ಸುಳ್ಳಾಗಿತ್ತು. ಈಗ ಅದು ನಿಜ. ಅದನ್ನು ನಿಜ ಮಾಡಿದ್ದು ಅವಳು. ಅದಕ್ಕೆ ನಾನು ಅವಳಿಗೆ ಋಣಿ.