ಸೋತವನು ಎದ್ದು ಹೋಗುವ ಬಗೆ

ಇಸ್ಪೀಟಿನಲ್ಲಿ ಪಕ್ಕದ ಮನೆಯ ಓವರ್ಸಿಯರ್ ಗೆದ್ದಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಎಲೆ ಬಂದರೆ ಯಾರು ಬೇಕಾದರೂ ಗೆಲ್ಲುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ಆತ ಸೋತು ಎದ್ದು ಹೋಗುವುದನ್ನು ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ರುಮಾಲು ಸರಿಮಾಡಿಕೊಂಡು, ಮೇಜಿನ ಸುತ್ತ ಕೂತವರಿಗೆಲ್ಲ ಕೈಮುಗಿದು, "ಪೋನೀಲೆಂಡಿ ಸ್ವಾಮಿ, ಬರೋ ಭಾನುವಾರ ಸಿಗೋಣ" ಅಂದು, ಆರಾಮವಾಗಿ ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದ. ಪಾವಗಡದ ಕಡೆಯವನು, ಮಾತಿನಲ್ಲಿ ತೆಲುಗು ತಾನಾಗಿ ಸೇರಿಕೊಳ್ಳುತ್ತಿತ್ತು. ಆ "ಪೋನೀಲೆಂಡಿ", ಅಂದರೆ ಹೋಗಲಿ ಬಿಡಿ ಅನ್ನುವ ಮಾತು, ನನ್ನ ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗೆ ಇರುತ್ತಿತ್ತು.

ಅದು ಯುದ್ಧದ ಕಾಲ. ಮಧುಗಿರಿಯಲ್ಲಿ ನಾನು ವಕೀಲಿ ಮಾಡಿಕೊಂಡಿದ್ದೆ. ಕಚೇರಿಯವರೂ ವಕೀಲರೂ ಸೇರಿಕೊಂಡು ನಡೆಸುತ್ತಿದ್ದ ಒಂದು ಕ್ಲಬ್ಬಿತ್ತು. ಕ್ಲಬ್ಬೆಂದರೆ ಹೆಂಚಿನ ಸೂರಿನ ಎರಡು ಕೋಣೆ, ಹಿಂದೆ ಒಂದು ಬಾವಿ. ಅಲ್ಲಿ ಮೊದಲೆಲ್ಲ ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಆಡುತ್ತಿದ್ದೆವು. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ಬಂದಿದ್ದ ಈ ಓವರ್ಸಿಯರ್ ನಮಗೆ ಪೋಕರ್ ಹಚ್ಚಿಸಿದ. ಒಬ್ಬೊಬ್ಬರಿಗೆ ಐದೆಲೆ. ಮೊದಲೊಮ್ಮೆ ಪಣ ಹೂಡಬೇಕು, ಬೇಡದ ಎಲೆ ಎಸೆದು ಬೇರೆ ಎಲೆ ಎತ್ತಿಕೊಳ್ಳಬೇಕು, ಆಮೇಲೆ ಮತ್ತೊಮ್ಮೆ ಪಣ. ಬೇಡವೆಂದರೆ ಎಲೆ ಮಗುಚಿಟ್ಟು ಆ ಸುತ್ತಿನಿಂದ ಹಿಂದೆ ಸರಿಯಬಹುದು. ಪಣಕ್ಕೆ ಹುಣಿಸೆಬೀಜ. ಬೀಜವನ್ನು ಮೊದಲೇ ಕಾಸು ಕೊಟ್ಟು ಕೊಳ್ಳಬೇಕಿತ್ತು, ಆದರೂ ಬೀಜ ಕೈಯಲ್ಲಿದ್ದಾಗ ಅದು ಕಾಸು ಅನ್ನುವುದು ಮರೆತೇ ಹೋಗುತ್ತಿತ್ತು.

ನಾವು ಆಡುತ್ತಿದ್ದುದು ನಾಲ್ಕು ಜನ. ನಾನು, ಓವರ್ಸಿಯರ್, ಆಸ್ಪತ್ರೆಯ ಡಾಕ್ಟರು, ಶಿರಾದಿಂದ ಬರುತ್ತಿದ್ದ ಒಬ್ಬ ಕಡ್ಲೇಕಾಯಿ ಸಾಹುಕಾರರು. ನಾನು ಕೆಟ್ಟ ಆಟಗಾರನಲ್ಲ. ಎದುರಿನವನ ಮುಖ ಓದುವುದು ನನ್ನ ಕಸುಬೇ ಆಗಿತ್ತು. ನನ್ನ ಕಾಯಿಲೆ ಬೇರೆ. ಗೆಲ್ಲಬೇಕಾದ ಎಲೆ ಹಿಡಿದು ಸೋತೆನೆಂದರೆ ಮುಗಿಯಿತು, ಆಮೇಲೆ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಮಗುಚಿಡಬೇಕಾದ ಎಲೆ ಹಿಡಿದುಕೊಳ್ಳುತ್ತಿದ್ದೆ. ಹೋದದ್ದನ್ನು ಒಂದೇ ಸುತ್ತಿನಲ್ಲಿ ಎಳೆದುಕೊಳ್ಳಬೇಕೆಂದು ಪಣ ಏರಿಸುತ್ತಿದ್ದೆ. ಡಾಕ್ಟರು ಅದಕ್ಕೊಂದು ಹೆಸರು ಇಟ್ಟಿದ್ದರು. "ವಕೀಲರ ಗಾಡಿ ವಾಲಿತು" ಅನ್ನುತ್ತಿದ್ದರು. ಹೇರು ಒಂದು ಕಡೆಗೆ ಜರುಗಿದ ಗಾಡಿಯನ್ನು ಎತ್ತು ಎಳೆದಷ್ಟೂ ಅದು ವಾಲುತ್ತಲೇ ಹೋಗುತ್ತದಲ್ಲ, ಹಾಗೆ.

ವಾಲಿದ ಗಾಡಿ ಕೊನೆಗೆ ಬಂದು ಉರುಳುತ್ತಿದ್ದುದು ಮನೆಯಲ್ಲಿ. ಸಾರಿಗೆ ಉಪ್ಪು ಸಾಲದು, ಮಕ್ಕಳು ಮಗ್ಗಿ ಒದರುವುದು ಜಾಸ್ತಿ, ದೀಪದ ಗಾಜು ಮಸಿ ಹಿಡಿದಿದೆ, ಎಲ್ಲಕ್ಕೂ ನನ್ನ ಕೂಗಾಟ. ಹೆಂಡತಿ ಸುಮ್ಮನಿರುವವಳಲ್ಲ, ತಿರುಗಿ ಬಯ್ಯುತ್ತಿದ್ದಳು. ಒಂದು ಭಾನುವಾರ ನಾನು ಎಸೆದ ಚೊಂಬು ಮಗಳ ಪಕ್ಕದಲ್ಲೇ ಹೋಗಿ ಬಿತ್ತು. ಅವತ್ತು ಹೆಂಡತಿ ಬಯ್ಯಲಿಲ್ಲ. ಮಾರನೆಯ ಬೆಳಗ್ಗೆ ಕಾಫಿ ಕೊಡುತ್ತಾ ಹೇಳಿದಳು:

"ನೋಡ್ರೀ, ಆಡ್ಬೇಡಿ ಅಂತ ನಾನೇನು ಅನ್ನಲ್ಲ. ಸೋತ ಮುಖ ಹೊತ್ಕೊಂಡು ಇನ್ನೊಂದು ಸಲ ಇಂಗೆ ಬಂದ್ರೆ, ಮಕ್ಕಳನ್ನ ಕರ್ಕೊಂಡು ನಾಗಲಮಡಿಕೆಗೆ ಹೊಂಟೋಗ್ತೀನಿ. ಅಪ್ಪನ ಮನೇಲಿ ಒಂದು ಮೂಲೆ ಸಿಗದೇ ಇರಲ್ಲ."

ಅಷ್ಟಕ್ಕೆ ಬಿಟ್ಟಿದ್ದರೆ ಸಹಿಸಬಹುದಿತ್ತು. "ಪಕ್ಕದ ಮನೆ ಓವರ್ಸಿಯರೂ ಸೋತೇ ಸೋಲ್ತಾರಪ್ಪ. ಬಂದು ಮಲ್ಲಿಗೆ ಗಿಡಕ್ಕೆ ನೀರು ಹಾಕ್ತಾ ನಿಂತಿರ್ತಾರೆ. ಒಂದು ಸೊಲ್ಲು ಕೇಳಲ್ಲ. ಎಂತಾ ಮನುಷ್ಯ!" ಅಂದಳು.

ಕಟ್ಟಿಕೊಂಡ ಹೆಂಡತಿಯ ಬಾಯಲ್ಲಿ ಪರರ ಹೊಗಳಿಕೆ ಕೇಳಿ ಆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಕಚೇರಿಗೆ ಹೋದರೂ ಅದೇ ಗುಂಗು. ಎಂತಾ ಮನುಷ್ಯನಂತೆ! ಸೇತುವೆಗೆ ಸುಣ್ಣ ಗಾರೆ ಅಳೆಯುವವನಿಗೆ ಅಷ್ಟು ಸಮಾಧಾನ ಎಲ್ಲಿಂದ ಬಂತು? ಬಂತೋ, ಕಲಿತನೋ? ಕಲಿತಿದ್ದರೆ ನಾನೂ ಕಲಿಯಬಹುದು. ಆದರೆ ಅವನನ್ನೇ ಹೋಗಿ ಕೇಳುವುದಕ್ಕೆ ನನ್ನ ಹಮ್ಮು ಬಿಡಲಿಲ್ಲ. ಕದ್ದು ಕಲಿಯುತ್ತೇನೆ ಅಂದುಕೊಂಡೆ.

ಮುಂದಿನ ಭಾನುವಾರದಿಂದ ನಾನು ಎಲೆಗಿಂತ ಹೆಚ್ಚಾಗಿ ಅವನನ್ನೇ ನೋಡತೊಡಗಿದೆ. ಅವನು ಕೂರುವಾಗಲೇ "ಪಾವಗಡದ ಬಸ್ ಬಂದಾಗ ನಾ ಎದ್ದೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಡುತ್ತಿದ್ದ. ಪೆಟ್ರೋಲಿಗೆ ಬರವಿದ್ದುದರಿಂದ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಆ ಬಸ್ಸು ಸಂಜೆ ಏದುಸಿರು ಬಿಡುತ್ತಾ ಬಂದು ಹಾರ್ನ್ ಹೊಡೆಯಿತೆಂದರೆ, ಗೆಲ್ಲುತ್ತಿರಲಿ ಸೋಲುತ್ತಿರಲಿ, ಕೈಯಲ್ಲಿದ್ದ ಸುತ್ತು ಮುಗಿಸಿ ಏಳುತ್ತಿದ್ದ. ನಮ್ಮ ಕ್ಲಬ್ಬಿನಲ್ಲಿ ಗೆದ್ದವನು ತಟ್ಟನೆ ಎದ್ದರೆ ಮರ್ಯಾದೆಯಲ್ಲ, ಸೋತವನು ಎದ್ದರೆ ಗಂಡಸ್ತನವಲ್ಲ. ಹೀಗಾಗಿ ಯಾರೂ ಏಳುವಂತೆಯೇ ಇರಲಿಲ್ಲ. ಮೊದಲೇ ಹೇಳಿಟ್ಟವನನ್ನು ಮಾತ್ರ ಯಾರೂ ಏನೂ ಅನ್ನುತ್ತಿರಲಿಲ್ಲ.

ಬೀಜವನ್ನು ಅವನು ಒಂದು ಹಿತ್ತಾಳೆ ಲೋಟದಲ್ಲಿ ಹಾಕಿಕೊಳ್ಳುತ್ತಿದ್ದ. ಲೋಟ ಖಾಲಿಯಾದರೆ ಬೋರಲು ಹಾಕಿಬಿಡುತ್ತಿದ್ದ, ಅವತ್ತಿನ ಆಟ ಅಲ್ಲಿಗೆ ಮುಗಿಯಿತು. ನಾವೆಲ್ಲ ಕ್ಲಬ್ಬಿನ ಬೀಜದ ಬುಟ್ಟಿಗೆ ಕೈಹಾಕಿ ಮತ್ತೆ ಮತ್ತೆ ಕೊಳ್ಳುವವರು. ಇನ್ನೊಂದು ಗಮನಿಸಿದೆ. ದೊಡ್ಡ ಏಟು ಬಿದ್ದಾಗ ಅವನು "ಈ ಸುತ್ತು ನನಗೆ ಹಾಕಬೇಡಿ" ಅಂದು ಬಾವಿಯ ಹತ್ತಿರ ಹೋಗಿ ಮುಖ ತೊಳೆದು ಬರುತ್ತಿದ್ದ. ಕೂತ ಮೇಲೆ ಹೋದ ಆಟದ ಸುದ್ದಿ ಎತ್ತುತ್ತಿರಲಿಲ್ಲ. ನಾನಾದರೋ ಸೋತ ಸುತ್ತನ್ನು ಡಾಕ್ಟರಿಗೆ ವಾದ ಮಂಡಿಸುವ ಹಾಗೆ ಮೊದಲಿಂದ ಕೊನೆಯವರೆಗೆ ಒಪ್ಪಿಸುತ್ತಿದ್ದೆ, ಅಷ್ಟರಲ್ಲಿ ಹೊಸ ಎಲೆ ಬಂದು ಕೈಯಲ್ಲಿ ಕೂತಿರುತ್ತಿತ್ತು.

ಎಲ್ಲ ಗೊತ್ತಾಯಿತು ಅಂದುಕೊಂಡೆ. ಅವನದು ಹಿತ್ತಾಳೆ ಲೋಟವಾದರೆ ನಾನು ಮನೆಯಿಂದ ಬೆಳ್ಳಿ ಲೋಟ ತಂದೆ. ಅವನದಕ್ಕಿಂತ ಒಂದು ಕೈ ದೊಡ್ಡದೇ. ಖಾಲಿಯಾದಾಗ ಬೋರಲು ಹಾಕಿದೆ. ಒಂದು ಸುತ್ತು ಸುಮ್ಮನೆ ನೋಡುತ್ತಾ ಕೂತೆ. ಎದುರಿಗೆ ಓವರ್ಸಿಯರ್ ಗೆದ್ದ ಬೀಜವನ್ನು ಎರಡೂ ಕೈಯಲ್ಲಿ ಬಾಚಿಕೊಂಡ. ನನ್ನ ಲೋಟ ತಾನಾಗಿಯೇ ನೆಟ್ಟಗಾಯಿತು. ಡಾಕ್ಟರು ಕೆಮ್ಮಿದ ನೆಪದಲ್ಲಿ ನಕ್ಕರು.

ಇಷ್ಟಾದ ಮೇಲೆ ಆ ಭಾನುವಾರ ಬಂತು. ಬಿಸಿಲು ಇನ್ನೂ ಜೋರಾಗಿತ್ತು. ನನ್ನ ಕೈಗೆ ಬಂದ ಎಲೆ ಮೂರು ರಾಜ, ಎರಡು ಒಂಬತ್ತು. ಬದಲಾಯಿಸುವ ಮಾತೇ ಇಲ್ಲ, ಹುಟ್ಟುತ್ತಲೇ ಫುಲ್ ಹೌಸ್. ನಾನು ಪಣ ಏರಿಸಿದೆ. ಓವರ್ಸಿಯರ್, ಡಾಕ್ಟರು ಇಬ್ಬರೂ ಎಲೆ ಮಗುಚಿದರು. ಸಾಹುಕಾರರು ಮಾತ್ರ ಉಳಿದುಕೊಂಡು ಮೂರೆಲೆ ಬದಲಾಯಿಸಿದರು. ಮೂರು ಬದಲಾಯಿಸಿದವರ ಹತ್ತಿರ ಒಂದು ಜೋಡಿಯಷ್ಟೇ ಇರುತ್ತದೆ. ನಾನು ಲೋಟದಲ್ಲಿದ್ದದ್ದನ್ನೆಲ್ಲ ನಡುವಿಗೆ ಸುರಿದೆ. ಅವರೂ ಸಮಸಮ ಹಾಕಿದರು. ಎಲೆ ಬಿಚ್ಚಿದರೆ ಫುಲ್ ಹೌಸನ್ನೂ ಮೀರಿಸುವ ನಾಲ್ಕು ಏಳು! ಕೈಯಲ್ಲಿದ್ದ ಎರಡು ಏಳಿಗೆ ಉಳಿದೆರಡೂ ಬಂದು ಕೂತಿದ್ದವು.

"ಅರೇ ವಕೀಲ್ ಸಾಹೇಬ್, ನಸೀಬು! ನಾನೇ ನಂಬಂಗಿಲ್ಲ" ಅಂದರು ಸಾಹುಕಾರರು.

ಓವರ್ಸಿಯರ್ ನನ್ನ ಕಡೆ ಬಾಗಿ, "ನೀವು ಸರಿಯಾಗೇ ಆಡಿದ್ರಿ ಸ್ವಾಮಿ. ನೂರು ಸಲ ಅದೇ ಎಲೆ ಬಂದ್ರೂ ನೂರು ಸಲ ಅಂಗೇ ಆಡ್ಬೇಕು. ಪೋನೀಲೆಂಡಿ" ಅಂದ.

ನಿಜವಾದ ಮಾತೇ. ಆದರೆ ಅದನ್ನು ಅವನು ಹೇಳಿದ್ದು ನನಗೆ ನಾಲ್ಕು ಏಳಿಗಿಂತ ಹೆಚ್ಚು ಉರಿಸಿತು. ಬುಟ್ಟಿಗೆ ಕೈಹಾಕಿ ಎಷ್ಟೆಂದು ನೋಡದೆ ಬೀಜ ತುಂಬಿಕೊಂಡೆ. ಸಾಹುಕಾರರ ಮೇಲೆ ನನಗೆ ಕೋಪವೇ ಇರಲಿಲ್ಲ, ನೋಡಿ! ಗೆದ್ದವರು ಅವರು, ನಾನು ಮಣ್ಣು ಮುಕ್ಕಿಸಬೇಕೆಂದು ಹೊರಟದ್ದು ಓವರ್ಸಿಯರನಿಗೆ. ಮುಂದಿನ ಸುತ್ತಿಗೆ ನನ್ನ ಹತ್ತಿರ ಒಂದು ಎಕ್ಕ ಬಿಟ್ಟರೆ ಏನೂ ಇಲ್ಲ. ಆದರೂ ಅವನು ಪಣ ಹೂಡಿದ್ದೇ ತಡ, ಅದರ ಮೂರರಷ್ಟು ಏರಿಸಿದೆ. ಅವನು ನನ್ನನ್ನು ಒಂದು ಗಳಿಗೆ ನೋಡಿದ. ಮತ್ತೆ ಎಲೆ ಮಗುಚಿಟ್ಟು ಎದ್ದ.

"ನಾ ಎದ್ದೆ ಸ್ವಾಮಿ, ಇವತ್ತಿಗೆ ಸಾಕು."

ಬಸ್ಸು ಇನ್ನೂ ಬಂದಿರಲಿಲ್ಲ, ಅವನ ಲೋಟದಲ್ಲಿ ಬೀಜವೂ ಇತ್ತು. ನನ್ನ ಮೇಲೆ ಕನಿಕರ ತೋರಿಸುತ್ತಿದ್ದಾನೆ ಅಂದುಕೊಂಡೆ. ಸಾಹುಕಾರರು ಅವನ ಎಲೆಯನ್ನು ತಿರುವಿ ನೋಡಿ "ಯಾ ಅಲ್ಲಾ!" ಅಂದರು. ಮೂರು ರಾಣಿ. ಗೆಲ್ಲುವ ಎಲೆ ನನಗೆ ಭಿಕ್ಷೆ ಹಾಕಿ ಹೋಗಿದ್ದಾನೆ! ಜಗಳ ತೆಗೆಯಲೆಂದೇ ಅವನ ಹಿಂದೆ ಓಡಿದೆ.

ಬಾವಿಯ ಹತ್ತಿರ ಅವನು ರುಮಾಲು ತೆಗೆದು ಕಟ್ಟೆಯ ಮೇಲಿಟ್ಟು, ತಲೆಗೆ ನೀರು ಸುರಿದುಕೊಳ್ಳುತ್ತಿದ್ದ. ಒಂದು ಚೊಂಬು ಮುಗಿಯುತ್ತಲೇ ಇನ್ನೊಂದು.

"ಮೂರು ರಾಣಿ ಇಟ್ಕೊಂಡು ಯಾಕ್ರೀ ಎದ್ದದ್ದು? ನಾನೇನು ಭಿಕ್ಷುಕನಾ?" ಅಂದೆ.

"ಎಲೆ ಆಮೇಲೆ ನೋಡಿದ್ದು ಸ್ವಾಮಿ. ನೋಡೋಕ್ಮುಂಚೇನೇ ನಿಮ್ಮನ್ನ ಬೋಳಿಸಿ ಕಳಿಸ್ಬೇಕು ಅಂತ ಮನಸ್ಸು ಮಾಡ್ಬುಟ್ಟಿದ್ದೆ. ಎಲೆ ನೋಡದೇನೆ ಪಣ ನಿಗದಿ ಆಯ್ತು ಅಂದ್ರೆ ನನ್ನ ಗಾಡಿ ವಾಲ್ದಂಗೆ. ಅವಾಗ ಎಂತಾ ಎಲೆ ಇದ್ರೂ ಏಳ್ಬೇಕು. ಒಂದು ಸಲ ಕೂತ್ಕೊಂಡ್ರೆ ಮುಂದಿನ ಸಲಾನೂ ಕೂರ್ತೀನಿ."

"ನಾನು ನಿಮಗೆ ಏನು ಮಾಡಿದ್ದೆ?"

ಅವನು ಮುಖ ಒರೆಸಿಕೊಂಡ.

"ನಿಮ್ಮ ಮನೇಲಿ ನೀವು ಕೂಗ್ತೀರಿ. ಅಮ್ಮಾವ್ರು ತಿರುಗಿ ಬಯ್ತಾರೆ. ಆಮೇಲೆ ತಟ್ಟೆ ಸದ್ದು, ಮಕ್ಕಳ ನಗು. ಎಲ್ಲಾ ಕೇಳುತ್ತೆ ನನಗೆ. ಕೋಲಾರದಾಗೆ ನಾನೂ ನಿಮ್ಮಂಗೇ ಸೋತು ಹೋಗಿ ಕೂಗ್ತಿದ್ದೋನು. ಒಂದು ದಿನ ಆಡಬಾರದ ಮಾತು ಆಡ್ಬುಟ್ಟೆ. ಅವತ್ತಿಂದ ನಮ್ಮನೆಯಾಕೆ ನನ್ನ ಜೊತೆ ಮಾತಾಡಿಲ್ಲ. ಬಡಿಸ್ತಾಳೆ, ಒಳಗೆ ಹೋಗ್ತಾಳೆ. ಈ ಏಳೋದು, ಲೋಟ, ಬಸ್ಸು, ಎಲ್ಲಾ ಕಲ್ತಿದ್ದು ಆಮೇಲೆ. ಬಯ್ಯೋರು ಇದ್ದೂ ನೀವು ಬುಟ್ಟಿಗೆ ಕೈ ಹಾಕೋದು ನೋಡಿದ್ರೆ ನನಗೆ ತಡೆಯೋಕಾಗಲ್ಲ ಸ್ವಾಮಿ. ಹೊಟ್ಟೆ ಉರಿಯುತ್ತೆ."

ಜಗಳಕ್ಕೆಂದು ಓಡಿ ಬಂದವನು ಕಟ್ಟೆಯ ಮೇಲಿದ್ದ ರುಮಾಲನ್ನು ಎತ್ತಿ ಅವನ ಕೈಗೆ ಕೊಟ್ಟೆ. ಅಷ್ಟಾದರೂ ನನ್ನ ಬುದ್ಧಿ ನೋಡಿ, ಆಗಲೂ ಒಂದು ಮೂಲೆಯಲ್ಲಿ ಕಿಚ್ಚು ಹೊಗೆಯಾಡುತ್ತಲೇ ಇತ್ತು. ತಾನು ವಾಲಿದ್ದು ಅವನಿಗೆ ಎಲೆ ನೋಡುವ ಮೊದಲೇ ತಿಳಿಯಿತು, ನನಗೆ ತಿಳಿದದ್ದು ಅವನು ಹೇಳಿದ ಮೇಲೆ. ನಾನು ಮತ್ತೆ ಒಳಗೆ ಹೋಗಲಿಲ್ಲ. ಡಾಕ್ಟರು ಕಿಟಕಿಯಿಂದ ಕರೆದರು, ಕೈ ಬೀಸಿ ಹೊರಟುಬಿಟ್ಟೆ.

ಇನ್ನೂ ಬಿಸಿಲಿರುವಾಗಲೇ ಮನೆಗೆ ಬಂದದ್ದು ನೋಡಿ ಹೆಂಡತಿ ಬಾಗಿಲಲ್ಲೇ ನಿಂತಳು. ಮುಖ ನೋಡಿದೊಡನೆ ಅವಳಿಗೆ ಗೊತ್ತಾಯಿತು. "ಸೋತ್ರಾ?" ಅಂದಳು. ಅವಳ ಕಣ್ಣು ಗೂಟಕ್ಕೆ ಹಾಕಿದ್ದ ಮಕ್ಕಳ ಬಟ್ಟೆಯ ಕಡೆ ಹೋಯಿತು.

"ಸೋತೆ" ಅಂದು ಜಗಲಿಯ ಮೇಲೆ ಕೂತು, ಮೂರು ರಾಜನ ಕಥೆಯನ್ನು ಕೋಪವಿಲ್ಲದೆ ಹೇಳಿದೆ. ನಾಲ್ಕು ಏಳು ಬಂದಾಗ ನನ್ನ ಮುಖ ಹೇಗಾಗಿತ್ತೆಂದು ಮಾಡಿಯೂ ತೋರಿಸಿದೆ. ಅವಳು ಮೊದಲು ನಂಬದೆ ನೋಡಿದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿದ್ದು ಬಿದ್ದು ನಗತೊಡಗಿದಳು. ಆ ಹೊತ್ತಿಗೆ ಪಕ್ಕದಲ್ಲಿ ಗೇಟು ತೆರೆದ ಸದ್ದಾಯಿತು.

"ಮೆಲ್ಲಗೆ ನಗೇ, ಅವರಿಗೆ ಕೇಳುತ್ತೆ" ಅಂದೆ.