ಸದ್ದಡಗುವ ಮೊದಲೇ ಇಳಿಸಿದ ಮಟನ್ ಉಪ್ಪಿನಕಾಯಿ

ಬಿಳೇಕಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಮಟನ್ ಮತ್ತು ಮೀನಿನ ಉಪ್ಪಿನಕಾಯಿ ಮಾಡಿ ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಿಗೆ ಮಾರುತ್ತಿದ್ದರು. ಬಾಟಲಿಯ ಲೇಬಲ್ ಬರೆದುಕೊಟ್ಟವಳು ನಾನು. ‘ಫ್ರಿಜ್ ಬೇಡ, ಆರು ತಿಂಗಳು ಕೆಡುವುದಿಲ್ಲ’ ಎಂಬ ಸಾಲು ನನ್ನದೇ. ಆಹಾರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದರೂ ಒಂದು ಬಾಟಲಿಯನ್ನೂ ಪರೀಕ್ಷಿಸದೆ ಅದನ್ನು ಬರೆದಿದ್ದೆ.

ಅವರ ಅತ್ತೆ ಕಲಿಸಿದ್ದ ಕ್ರಮ ಸರಿಯಾಗಿಯೇ ಇತ್ತು. ಬಾಣಲೆಯ ಚುಯ್‌ಗುಟ್ಟುವ ಸದ್ದು ಅಡಗುವವರೆಗೆ ತುಂಡುಗಳನ್ನು ಕರಿಯಬೇಕು. ಸದ್ದಡಗಿದರೆ ಮಾಂಸದ ನೀರು ಆರಿತೆಂದು ಅರ್ಥ. ಬಳಿಕ ಧಾರಾಳ ಉಪ್ಪು, ಖಾರ, ನಿಂಬೆರಸ.

ಒಂದು ಭಾನುವಾರ ಅವರು ತಟ್ಟೆಯಲ್ಲಿ ರುಚಿಗೆ ತಂದುಕೊಟ್ಟ ತುಂಡು ಬೆರಳಲ್ಲೇ ಹಿಸುಕಬಹುದಾದಷ್ಟು ಮೃದುವಾಗಿತ್ತು.

“ಇಷ್ಟು ಮೆತ್ತಗೆ ಹೇಗಾಯ್ತು ಆಂಟಿ?”

“ಗಿರಾಕಿಗಳು ಚಪ್ಪಲಿ ಅಗಿದಂಗಿದೆ ಅಂತಾರಮ್ಮ. ಬಿಪಿ ಇದೆ ಉಪ್ಪು ಕಮ್ಮಿ ಹಾಕಿ, ಅಸಿಡಿಟಿ ಇದೆ ಹುಳಿ ಕಮ್ಮಿ ಹಾಕಿ ಅಂತಾರೆ. ಅದಕ್ಕೆ ಎರಡೂ ಕಮ್ಮಿ ಮಾಡಿ ಬೇಗ ಇಳಿಸ್ದೆ. ಮೇಲೆ ಎರಡು ಬೆರಳು ಎಣ್ಣೆ ನಿಲ್ಸಿದೀನಿ, ಗಾಳಿನೇ ಹೋಗಲ್ಲ. ಎಂಟು ದಿನ ಆಯ್ತು, ಘಮ್ ಅಂತಿದೆ ನೋಡು.”

ಅವರು ಚಮಚ ಬಾಯಿಗೆ ತರುವಷ್ಟರಲ್ಲಿ ನಾನು ಕೈ ಹಿಡಿದೆ. ಉಪ್ಪು ಸೂಕ್ಷ್ಮಜೀವಿಗಳಿಗೆ ದಕ್ಕಬೇಕಾದ ನೀರನ್ನು ಕಟ್ಟಿಹಾಕುತ್ತದೆ, ಹುಳಿ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಎಣ್ಣೆ ಗಾಳಿಯನ್ನು ತಡೆದು ಬೂಷ್ಟು ಕಟ್ಟದಂತೆ ನೋಡಿಕೊಳ್ಳುತ್ತದೆಯೇ ಹೊರತು ಏನನ್ನೂ ಕೊಲ್ಲುವುದಿಲ್ಲ. ನರಗಳನ್ನು ಸೋಲಿಸಿ ಉಸಿರನ್ನೇ ನಿಲ್ಲಿಸಬಲ್ಲ ಬಾಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾಗಳ ಬೀಜಕಣಗಳು ಅಡುಗೆಯ ಬಿಸಿಯಲ್ಲೂ ಬದುಕುಳಿಯಬಲ್ಲವು. ತೇವವಿದ್ದು, ಉಪ್ಪು ಹುಳಿ ಸಾಲದೆ, ಗಾಳಿಯೂ ಇಲ್ಲದ ಕಡೆಯೇ ಅವು ಮೊಳೆತು ವಿಷ ಕಾರುತ್ತವೆ ಎಂದು ಬಿಡಿಸಿ ಹೇಳಿದೆ.

“ಇದೇನು ವಿಷಾನಾ?”

“ಇದ್ರೂ ವಾಸನೇಲಿ, ರುಚೀಲಿ ಗೊತ್ತಾಗಲ್ಲ ಆಂಟಿ. ಎಷ್ಟು ಬಾಟ್ಲು ಹೋಗಿದೆ?”

“ಆರು. ಫೋನ್ ಮಾಡಿ ಹೇಳಿದ್ರೆ ನಾಳೆ ಯಾರಮ್ಮ ತಗೋತಾರೆ ನನ್ನ ಹತ್ರ?”

“ಹೇಳ್ದೆ ಇದ್ದು ಯಾರಿಗಾದ್ರೂ ಉಸಿರು ಕಟ್ಟಿದ್ರೆ?”

ಅವರು ಕುಳಿತುಬಿಟ್ಟರು. “ಆರು ತಿಂಗಳು ಅಂತ ಬರೆದೋಳು ನೀನು. ನೀನೇ ಮಾಡು ಫೋನು.”

ಮಾತು ನ್ಯಾಯವಾಗಿತ್ತು. ಜವಾಬ್ದಾರಿಯ ಬಗ್ಗೆ ಊರಿಗೆಲ್ಲ ಪಾಠ ಹೇಳುತ್ತಿದ್ದ ನಾನು ಮೊದಲ ಕರೆಯಲ್ಲೇ ಆ ಲೇಬಲ್ ನನ್ನದೆಂದು ಒಪ್ಪಿಕೊಂಡು, ಉಪ್ಪಿನಕಾಯಿ ತಿನ್ನಬೇಡಿ ಎಂದೆ. ಐದು ಮನೆಯವರು ಬಾಟಲಿ ತೆರೆದೇ ಇರಲಿಲ್ಲ. ಆರನೆಯವರು ಫೋನ್ ಎತ್ತಲಿಲ್ಲ. ಇಬ್ಬರೂ ಆಟೋ ಹತ್ತಿದೆವು.

ಮೆತ್ತಗಿರಲಿ ಎಂದು ಕೇಳಿದ್ದ ಮಹಿಳೆಯೇ ಬಾಗಿಲು ತೆರೆದರು. ಮೇಜಿನ ಮೇಲೆ ಬಾಟಲಿ ಅರ್ಧ ಖಾಲಿಯಾಗಿತ್ತು.

“ಮೂರು ದಿನದಿಂದ ತಿಂತಿದೀವಿ, ಆರಾಮಾಗೇ ಇದೀವಲ್ಲ?”

ತಿಂದ ಕೆಲವು ದಿನಗಳ ಮೇಲೂ ತೊಂದರೆ ಕಾಣಿಸಬಹುದು. ಕಣ್ಣು ಮಂಜಾದರೆ, ವಸ್ತುಗಳು ಎರಡೆರಡು ಕಂಡರೆ, ರೆಪ್ಪೆ ಜೋತುಬಿದ್ದರೆ, ನುಂಗಲು ಕಷ್ಟವಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ ಎಂದೆ. ಒಡತಿ ನಡುವೆ ಬಾಯಿ ಹಾಕಿದರು: “ತಪ್ಪು ನನ್ನದು ಮೇಡಂ. ಸದ್ದು ನಿಲ್ಲೋ ಮುಂಚೆ ಇಳಿಸ್ದೆ.”

ಹತ್ತು ದಿನ ನಾನು ಬೆಳಿಗ್ಗೆ ಸಂಜೆ ಆ ಮನೆಗೆ ಫೋನ್ ಮಾಡಿದೆ. ಯಾರಿಗೂ ಏನೂ ಆಗಲಿಲ್ಲ. ಅದು ನಮ್ಮ ಅದೃಷ್ಟವೇ ಹೊರತು ನಮ್ಮ ಸಾಧನೆಯಲ್ಲ. ಆರು ಬಾಟಲಿಗಳನ್ನೂ ಅಂದೇ ವಾಪಸು ತಂದು ಬೀದಿನಾಯಿಗಳಿಗೂ ಸಿಗದಂತೆ ಬಿಗಿಯಾಗಿ ಸುತ್ತಿ ಎಸೆದೆವು.

ಈಗ ಲೇಬಲ್ಲಿನಲ್ಲಿ ‘ಫ್ರಿಜ್‌ನಲ್ಲೇ ಇಡಿ’ ಎಂದಿದೆ. ಉಪ್ಪು, ಹುಳಿ ಅತ್ತೆಯ ಅಳತೆಗೆ ಮರಳಿವೆ, ಕರಿಯುವುದೂ ಸದ್ದಡಗುವವರೆಗೆ. ಮೆತ್ತಗೆ ಬೇಕೆನ್ನುವವರಿಗೆ ಒಡತಿ ಹೇಳುವುದು ಒಂದೇ: “ಹಂಗಾದ್ರೆ ಸಾರು ಮಾಡ್ಕೊಡ್ತೀನಿ, ಇವತ್ತೇ ಊಟ ಮಾಡಿ.”