ಮಸ್ಕಿ ಎಂಬ ಉತ್ತರ

ಲಿಂಗಸುಗೂರಿನ ಮನೆಯಲ್ಲಿ ಕುಳಿತು ನಾನು ಪರೀಕ್ಷಾ ತಯಾರಿಯ ಆ್ಯಪ್ ಒಂದಕ್ಕೆ ಬಹು ಆಯ್ಕೆಯ ಪ್ರಶ್ನೆ ಬರೆಯುತ್ತಿದ್ದೆ. ಪರಿಶೀಲಕರು ಒಪ್ಪಿದ ಪ್ರಶ್ನೆಗೆ ಮಾತ್ರ ದುಡ್ಡು. ಅಶೋಕನ ಹೆಸರಿರುವ ಶಾಸನ ಯಾವ ಊರಿನದೆಂದು ಕೇಳಿ, ನನ್ನ ತವರು ಮಸ್ಕಿಯೇ ಸರಿ ಉತ್ತರವೆಂದು ಕೊಟ್ಟಿದ್ದೆ. ಅದು ತಿರಸ್ಕೃತವಾಗಿ ಬಂತು. ಕೂತಲ್ಲಿ ಕೂರಲಾಗದೆ ಪರಿಶೀಲಕಿಗೆ ಫೋನ್ ಮಾಡಿದೆ.

"ಮಸ್ಕಿ ತಪ್ಪು ಹೆಂಗ್ರೀ? ಆ ಶಾಸನದ ಕಲ್ಲು ನೋಡಕೋತ ಬೆಳೆದಾಕಿ ನಾ."

"ಮಸ್ಕಿ ತಪ್ಪಲ್ರೀ ಅಕ್ಕಾರ. ನಿಮ್ಮ ಮೂರನೇ ಆಯ್ಕೆ ನಿಟ್ಟೂರು ಐತಿ. ಅಲ್ಲಿನ ಶಾಸನದಾಗೂ ಅಶೋಕನ ಹೆಸರು ಐತ್ರೀ. ನಿಟ್ಟೂರು ಒತ್ತಿದ ಹುಡುಗಿಗೆ ತಪ್ಪು ಅಂತ ತೋರಿಸಿದ್ರ ಹೆಂಗ್ರೀ?"

ನಿಟ್ಟೂರು ಸಿಂಧನೂರಿನ ಆಚೆ, ಸಿರುಗುಪ್ಪದ ಕಡೆಯ ಊರು. ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೆ. ಅದರ ಹೆಸರನ್ನು ತಪ್ಪು ಆಯ್ಕೆಯೆಂದೇ ಸೇರಿಸಿದ್ದೆ.

'ಅಶೋಕನ ಹೆಸರು ಮೊಟ್ಟಮೊದಲು ಪತ್ತೆಯಾದ ಶಾಸನ' ಎಂದು ತಿದ್ದಿ ಕಳಿಸಿದೆ. ಒಪ್ಪಿಗೆಯಾಯಿತು. ಆದರೂ ಸಮಾಧಾನವಾಗಲಿಲ್ಲ. ಮೊದಲೇ ಒಪ್ಪಿಗೆಯಾಗಿ ಯಾರ್ಯಾರದೋ ಫೋನಿನಲ್ಲಿರುವ ನನ್ನ ಪ್ರಶ್ನೆಗಳಲ್ಲಿ ಇಂಥವೆಷ್ಟಿವೆಯೋ! ಹೊಸದು ಬರೆಯುವುದನ್ನು ಬಿಟ್ಟು, ಹಳೆಯವನ್ನೆಲ್ಲ ಮತ್ತೆ ನೋಡುವ, ಕಾಸು ಹುಟ್ಟದ ಕೆಲಸಕ್ಕೆ ಕೂತೆ. ಅಡುಗೆಯ ಹೊತ್ತಿಗೆ ಎರಡು ಸರಿ ಉತ್ತರಗಳಿರುವ ಇನ್ನೊಂದು ಪ್ರಶ್ನೆ ಸಿಕ್ಕಿತು. ಒಲೆ ಆರಿಸಿ, ಮತ್ತೆ ಆಕೆಗೆ ಫೋನ್ ಹಚ್ಚಿದೆ.